ಗಾಲಿಕುರ್ಚಿಯ ಜೊತೆ ಕನ್ನಡಿಯನ್ನೂ ಕೊಡಿ

ಅಡಿಕೆ, ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದವರು ಮಲೆನಾಡು, ಕರಾವಳಿಯಲ್ಲಿ ಅಪರೂಪವಲ್ಲ. ಅವರಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ ಎಂಬುದು ನೋಡಿದವರಿಗೆಲ್ಲ ತಿಳಿಯುತ್ತದೆ. ಅನೇಕರಿಗೆ ಅಲ್ಲಿ ಸ್ಪರ್ಶಜ್ಞಾನವೂ ಇಲ್ಲ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ನಾವೆಲ್ಲ ಕೂತಲ್ಲೇ ಆಗಾಗ ಮಿಸುಕಾಡುತ್ತೇವೆ. ಕೂತ ಜಾಗ ನೋಯುತ್ತದೆ, ಜೋಮು ಹಿಡಿಯುತ್ತದೆ, ನಮಗೆ ಗೊತ್ತಾಗುವ ಮೊದಲೇ ಮೈ ಒಂದು ಪಕ್ಕಕ್ಕೆ ವಾಲಿರುತ್ತದೆ. ಆ ನೋವಿನ ಸುದ್ದಿ ಮೆದುಳಿಗೆ ಮುಟ್ಟದವರಿಗೆ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂತರೂ ಏನೂ ಅನಿಸುವುದಿಲ್ಲ. ಒತ್ತಡದ ಹುಣ್ಣು, ಜನ ಬೆಡ್‌ಸೋರ್ ಎನ್ನುವುದು, ಶುರುವಾಗುವುದು ಅಲ್ಲಿ.

ಕೂತಾಗ ಮೈಭಾರದ ಬಹುಪಾಲು ಬೀಳುವುದು ಪೃಷ್ಠದ ಕೆಳಗಿನ ಎರಡು ಮೂಳೆಗಳ ಮೇಲೆ. ಆ ಮೂಳೆಗೂ ಕುರ್ಚಿಗೂ ನಡುವೆ ಸಿಕ್ಕಿದ ಮಾಂಸದಲ್ಲಿ ಸಣ್ಣ ರಕ್ತನಾಳಗಳು ಚಪ್ಪಟೆಯಾಗಿ ರಕ್ತದ ಓಡಾಟ ನಿಲ್ಲುತ್ತದೆ. ಸ್ವಾಧೀನ ತಪ್ಪಿದ ಮೇಲೆ ಪೃಷ್ಠದ ಸ್ನಾಯು ಕರಗುವುದರಿಂದ ಮೂಳೆಗಿದ್ದ ಮೆತ್ತೆಯೂ ತೆಳುವಾಗಿರುತ್ತದೆ. ರಕ್ತವಿಲ್ಲದ ಸ್ಥಿತಿಯನ್ನು ಚರ್ಮ ಸ್ವಲ್ಪ ಹೊತ್ತು ತಾಳುತ್ತದೆ, ಒಳಗಿನ ಸ್ನಾಯು ಅಷ್ಟು ತಾಳುವುದಿಲ್ಲ. ಹಾಗಾಗಿ ಆಳವಾದ ಹುಣ್ಣು ಅನೇಕ ಸಲ ಮೂಳೆಯ ಹತ್ತಿರ ಹುಟ್ಟಿ ಹೊರಗೆ ಬರುತ್ತದೆ. ಮೇಲೆ ರೂಪಾಯಿಯಗಲದ ಕಲೆ ಕಂಡಾಗ ಒಳಗೆ ಅದಕ್ಕಿಂತ ದೊಡ್ಡ ಜಾಗ ಸತ್ತಿರಬಹುದು. ಆ ಹಂತದಲ್ಲಿ ತಿಂಗಳುಗಟ್ಟಲೆ ಮಲಗುವುದು, ಕೆಲವೊಮ್ಮೆ ಶಸ್ತ್ರಚಿಕಿತ್ಸೆ. ವಾಸಿಯಾದ ಮೇಲೂ ಆ ಗಾಯದ ಚರ್ಮಕ್ಕೆ ಮೊದಲಿನ ಗಟ್ಟಿತನ ಬರುವುದಿಲ್ಲ.

ಇದನ್ನು ತಡೆಯಬಹುದು ಎಂಬುದು ಹೊಸ ಮಾತಲ್ಲ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗ ಆರಂಭಿಸಿದ ಡಾ. ಲುಡ್ವಿಗ್ ಗುಟ್‌ಮನ್, ಹಗಲು ರಾತ್ರಿಯೆನ್ನದೆ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುವ ಪದ್ಧತಿ ತಂದರು. ಅದುವರೆಗೆ ಹುಣ್ಣು, ಮೂತ್ರದ ಸೋಂಕಿನಿಂದ ಸಾಯುವುದೇ ಇಂಥವರ ಗತಿ ಎಂದು ವೈದ್ಯರೂ ನಂಬಿದ್ದ ಕಾಲ. ಆದರೆ ಆಸ್ಪತ್ರೆಯಲ್ಲಿ ಮಗ್ಗುಲು ಬದಲಿಸಲು ದಾದಿಯಿರುತ್ತಾರೆ. ಮನೆಗೆ ಬಂದು ಹಗಲೆಲ್ಲ ಕುರ್ಚಿಯಲ್ಲಿ ಕೂತಾಗ ಆ ಕೆಲಸ ಅವರವರದ್ದೇ. ಅಲ್ಲಿ ಎರಡು ಕಡೆ ತಪ್ಪುತ್ತದೆ.

ಮೊದಲನೆಯದು, ಭಾರ ಇಳಿಸುವ ರೀತಿ. ಕುರ್ಚಿಯ ಕೈಗಳ ಮೇಲೆ ಅಂಗೈ ಊರಿ ಮೈಯನ್ನು ಮೇಲೆತ್ತುವುದನ್ನು ಬಹುತೇಕರಿಗೆ ಕಲಿಸಿರುತ್ತಾರೆ. ಹತ್ತು ಹದಿನೈದು ಸೆಕೆಂಡ್ ಎತ್ತಿ ಕೂತರೆ ಆಯಿತೆಂಬ ಭಾವನೆ. ಆದರೆ ಬೆನ್ನುಹುರಿ ಪೆಟ್ಟಾದವರ ಚರ್ಮದ ಆಮ್ಲಜನಕವನ್ನು ಅಳೆದು ನೋಡಿದಾಗ, ಅದು ಮೊದಲಿನ ಮಟ್ಟಕ್ಕೆ ಬರಲು ಸರಾಸರಿ ಎರಡು ನಿಮಿಷದ ಹತ್ತಿರ ಬೇಕಾಯಿತು. ಎರಡು ನಿಮಿಷ ತೋಳಿನ ಮೇಲೆ ನಿಲ್ಲಲು ಯಾರಿಂದ ಆದೀತು? ದಿನಾ ಅದನ್ನೇ ಮಾಡಿದರೆ ಭುಜವೂ ಸವೆಯುತ್ತದೆ, ಭುಜ ಹೋದರೆ ಕುರ್ಚಿ ತಳ್ಳುವವರಾರು? ಇದಕ್ಕಿಂತ ಬಾಗುವುದು ಮೇಲು. ಎರಡೂ ಬ್ರೇಕ್ ಹಾಕಿ, ಮುಂದಿನ ಸಣ್ಣ ಚಕ್ರಗಳನ್ನು ಮುಂದಕ್ಕೆ ತಿರುಗಿಸಿಕೊಂಡು, ಎದೆಯನ್ನು ತೊಡೆಗೆ ತಾಗಿಸುವಷ್ಟು ಮುಂದೆ ಬಾಗಿ ಎರಡು ನಿಮಿಷ ಹಾಗೇ ಇರಬೇಕು. ಸಮತೋಲ ಸಾಲದವರು ಮೇಜಿನ ಮೇಲೆ ಮೊಣಕೈ ಊರಿ ಒಂದು ಪಕ್ಕಕ್ಕೆ, ಆಮೇಲೆ ಇನ್ನೊಂದು ಪಕ್ಕಕ್ಕೆ ವಾಲಬಹುದು. ಕಾಲು ಗಂಟೆಯಿಂದ ಅರ್ಧ ಗಂಟೆಗೊಮ್ಮೆ ಇದು ನಡೆಯಬೇಕು. ಮೈಗೆ ನೆನಪಾಗದ ಕಾರಣ ಫೋನಿನ ಅಲಾರಂ ಇಡದೆ ಇದು ನಡೆಯುವುದಿಲ್ಲ.

ಎರಡನೆಯದು, ನೋಡುವ ರೀತಿ. ಚರ್ಮ ಕೆಂಪಾಗಿದೆಯೇ ನೋಡಿ, ಬೆರಳಲ್ಲಿ ಒತ್ತಿ ಬಿಟ್ಟಾಗ ಬಿಳಿಚಿಕೊಂಡು ಮತ್ತೆ ಬಣ್ಣ ಬರುತ್ತದೆಯೇ ನೋಡಿ ಎಂದು ಪುಸ್ತಕಗಳು ಹೇಳುತ್ತವೆ. ಇದು ಬಿಳಿ ಚರ್ಮದವರಿಗೆ ಹೊಂದುವ ಪರೀಕ್ಷೆ. ನಮ್ಮ ಮೈಬಣ್ಣದಲ್ಲಿ ಕೆಂಪು ಕಾಣದೆ ಹೋಗಬಹುದು, ಬಿಳಿಚಿದ್ದೂ ತಿಳಿಯದಿರಬಹುದು. ಕಾಣುವುದು ಸುತ್ತಲಿನ ಚರ್ಮಕ್ಕಿಂತ ಕಪ್ಪಾದ, ಕೆಲವೊಮ್ಮೆ ನೇರಳೆ ಛಾಯೆಯ ಮಚ್ಚೆ. ಅದಕ್ಕೇ ಕಣ್ಣಿನಷ್ಟೇ ಕೈಯನ್ನೂ ನಂಬಬೇಕು. ಬೆರಳುಗಳ ಹಿಂಬದಿಯನ್ನು ಆ ಜಾಗಕ್ಕೆ ತಾಗಿಸಿ, ಇನ್ನೊಂದು ಪಕ್ಕದ ಅದೇ ಜಾಗದೊಂದಿಗೆ ಹೋಲಿಸಬೇಕು: ಬಿಸಿಯಿದೆಯೇ, ತಣ್ಣಗಿದೆಯೇ, ಗಟ್ಟಿಯಾಗಿದೆಯೇ, ಮೆತ್ತಗೆ ಊದಿದೆಯೇ? ಬೆಳಿಗ್ಗೆ ಎದ್ದ ಮೇಲೊಮ್ಮೆ, ರಾತ್ರಿ ಕುರ್ಚಿಯಿಂದ ಇಳಿದ ಮೇಲೊಮ್ಮೆ ಕೂರುವ ಮೂಳೆಗಳು, ಬಾಲಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಕಾಲಿನ ಗಿಣ್ಣು ಇಷ್ಟನ್ನೂ ನೋಡಬೇಕು. ಒಬ್ಬರೇ ನೋಡಿಕೊಳ್ಳಲು ಉದ್ದ ಹಿಡಿಕೆಯ ಕನ್ನಡಿ ಸಾಕು. ಹೆಣ್ಣುಮಕ್ಕಳ ಮಟ್ಟಿಗಂತೂ ಆ ಕನ್ನಡಿ ಬಲು ದೊಡ್ಡದು, ಗಂಡನಿಗೋ ಅತ್ತೆಗೋ ದಿನಾ ಆ ಜಾಗ ತೋರಿಸಲು ಸಂಕೋಚಪಟ್ಟು ಸುಮ್ಮನಿದ್ದುಬಿಡುವವರಿದ್ದಾರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮನೆಯ ಮುಂದೆ ಸಣ್ಣ ಅಂಗಡಿ ಹಾಕಿಕೊಂಡು ದಿನಕ್ಕೆ ಹತ್ತು ಗಂಟೆ ಗಾಲಿಕುರ್ಚಿಯಲ್ಲಿ ಕೂರುವವರೊಬ್ಬರು. ರಾತ್ರಿ ಹೆಂಡತಿ ನೋಡಿದಾಗ ಎಡಗಡೆಯ ಮೂಳೆಯ ಮೇಲೆ ಎರಡು ಬೆರಳಗಲ ಕಪ್ಪಾಗಿದೆ, ಮುಟ್ಟಿದರೆ ಬಲಗಡೆಗಿಂತ ಬಿಸಿ. ‘ಏನಿಲ್ಲ ಕಣ್ರೀ, ಸ್ವಲ್ಪ ಕಪ್ಪಾಗಿದೆ ಅಷ್ಟೆ’ ಎಂದು ಎಣ್ಣೆ ಹಚ್ಚಿ ತಿಕ್ಕುವುದು ಇಲ್ಲಿ ಸಾಮಾನ್ಯ. ತಿಕ್ಕಲೇಬಾರದು, ಒಳಗೆ ನಲುಗಿದ ಮಾಂಸ ಇನ್ನಷ್ಟು ಹರಿಯುತ್ತದೆ. ಆ ಜಾಗಕ್ಕೆ ಭಾರ ಬೀಳದಂತೆ ಪಕ್ಕಕ್ಕೆ ಮಲಗಿ ಅರ್ಧ ಗಂಟೆ ಬಿಟ್ಟು ನೋಡಬೇಕು. ಮಾಮೂಲಿಗೆ ಮರಳಿದ್ದರೆ ಅದು ಕೂತದ್ದರ ಗುರುತು ಮಾತ್ರ. ಹಾಗೇ ಇದ್ದರೆ ಬೆಳಿಗ್ಗೆ ಕುರ್ಚಿ ಹತ್ತಬಾರದು, ಬಣ್ಣ, ಬಿಸಿ ಎರಡೂ ಸರಿಯಾಗುವವರೆಗೆ ಅಂಗಡಿ ಬೇರೆಯವರ ಕೈಗೆ. ಒಂದು ದಿನ ಕಳೆದರೂ ಕಲೆ ಇಳಿಯದಿದ್ದರೆ, ಬೊಬ್ಬೆ ಎದ್ದರೆ, ಚರ್ಮ ಒಡೆದರೆ ವೈದ್ಯರಿಗೆ ತೋರಿಸಬೇಕು. ಸರಿಯಾದ ಮೇಲೂ ಮೊದಲ ಸಲ ಅರ್ಧ ಗಂಟೆಯಷ್ಟೇ ಕೂತು, ಇಳಿದು, ಮತ್ತೆ ನೋಡಿ ಹೊತ್ತು ಹೆಚ್ಚಿಸಬೇಕು.

ಇಷ್ಟಕ್ಕೇ ಮುಗಿಯದು, ಎಡಗಡೆಗೇ ಏಕೆ ಆಯಿತೆಂದು ಹುಡುಕಬೇಕು. ಅವರು ಕೂತಿರುವಾಗ ದಿಂಬಿನ ಕೆಳಗೆ ಅಂಗೈ ಮೇಲ್ಮುಖವಾಗಿ ತೂರಿಸಿ ನೋಡಿದರೆ, ಬೆರಳ ತುದಿಗೆ ಮೂಳೆ ಒತ್ತಿದಂತಾಗುತ್ತದೆ. ಅಂದರೆ ದಿಂಬಿನ ಫೋಮ್ ಸತ್ತಿದೆ, ಅವರು ಹೆಚ್ಚುಕಡಿಮೆ ಬರಿ ಕುರ್ಚಿಯ ಮೇಲೇ ಕೂತಿದ್ದಾರೆ. ಪ್ಯಾಂಟಿನ ಎಡ ಹಿಂಜೇಬಿನಲ್ಲಿ ಪರ್ಸ್ ಇದ್ದರೆ ಅದೂ ಸೇರಿಕೊಂಡಿತು. ಪಾದ ಇಡುವ ಹಲಗೆ ಮೇಲಿದ್ದು ಮೊಣಕಾಲು ಎತ್ತರಕ್ಕೆ ನಿಂತರೆ, ತೊಡೆ ಹಂಚಿಕೊಳ್ಳಬೇಕಾದ ಭಾರವೂ ಹಿಂದಿನ ಮೂಳೆಗೇ ಬೀಳುತ್ತದೆ. ಉಂಗುರದಾಕಾರದ ಗಾಳಿದಿಂಬು ತಂದು ಹಾಕಿದರೆ ಅದರ ಅಂಚೇ ಸುತ್ತಲಿನ ರಕ್ತನಾಳವನ್ನು ಒತ್ತುತ್ತದೆ.

ಇದರಲ್ಲಿ ಯಾವುದೂ ದುಬಾರಿಯಲ್ಲ, ಕಲಿಸಿಕೊಡುವವರು ಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಗಾಲಿಕುರ್ಚಿ ವಿತರಣೆಗೆ ಹೇಳಿದ ಎಂಟು ಹಂತಗಳಲ್ಲಿ ಬಳಕೆದಾರನ ಮೈಗೆ ಹೊಂದಿಸುವುದು, ತರಬೇತಿ ಕೊಡುವುದು, ಆಮೇಲೂ ಬಂದು ವಿಚಾರಿಸುವುದು ಸೇರಿವೆ. ನಮ್ಮ ವಿತರಣಾ ಶಿಬಿರಗಳಲ್ಲಿ ಸಾಲಾಗಿ ನಿಲ್ಲಿಸಿದ ಒಂದೇ ಅಳತೆಯ ಕುರ್ಚಿ, ಫೋಟೊ, ಸಹಿ ಇಷ್ಟರಲ್ಲಿ ಕೆಲಸ ಮುಗಿದುಹೋಗುವುದನ್ನು ನೋಡುತ್ತಲೇ ಇದ್ದೇವೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ಅಂಗವಿಕಲರೇ, ಮನೆಯೊಳಗೆ ಹೋಗಿ ಈ ಮಾತಾಡುವ ಸಲಿಗೆ ಅವರಿಗಿದೆ. ಪಿಂಚಣಿ ಅರ್ಜಿ ಬರೆಸುವ ಕೆಲಸದ ಜೊತೆಗೆ ಚರ್ಮ ನೋಡುವುದು, ದಿಂಬಿನ ಕೆಳಗೆ ಕೈಯಿಟ್ಟು ಪರೀಕ್ಷಿಸುವುದನ್ನು ಫಿಸಿಯೊಥೆರಪಿಸ್ಟ್‌ಗಳಿಂದ ಅವರಿಗೆ ಕಲಿಸಬೇಕು. ಕುರ್ಚಿ ಕೊಟ್ಟ ವಾರದಲ್ಲೊಮ್ಮೆ, ತಿಂಗಳ ಮೇಲೊಮ್ಮೆ ಅವರು ಆ ಮನೆಗೆ ಹೋಗಿಬರಬೇಕು. ಶಿಬಿರದ ಖರೀದಿ ಪಟ್ಟಿಯಲ್ಲಿ ಪ್ರತಿ ಕುರ್ಚಿಯ ಎದುರಿಗೆ ಮೈಗೆ ಹೊಂದುವ ಒಂದು ದಿಂಬು, ಹಿಡಿಕೆಯ ಒಂದು ಕನ್ನಡಿ ಎಂದು ಮುಂದಿನ ಬಜೆಟ್‌ನಲ್ಲೇ ಬರೆಯಬಹುದು.