ಹೆಸರು ತೆಗೆದುಹಾಕುವ ಕಲಮು

ಹೆರಾಯಿನ್ ಮೊದಲಾದ ಅಫೀಮು ವರ್ಗದ ಮಾದಕಗಳಿಗೆ ದಾಸರಾದವರಿಗೆ ಬದಲಿ ಔಷಧ ಕೊಡುವ ಜಿಲ್ಲಾ ಕ್ಲಿನಿಕ್ಕಿನ ನಿಯಮಾವಳಿಗೆ ಮೂರು ಭಾಗಗಳಿರುತ್ತವೆ: ಡೋಸ್ ಎಷ್ಟು, ಮನೆಗೆ ಎಷ್ಟು ದಿನಗಳ ಮಾತ್ರೆ, ಚಿಕಿತ್ಸೆ ನಿಲ್ಲಿಸುವುದು ಯಾವಾಗ. ಮೊದಲ ಎರಡನ್ನು ವೈದ್ಯಶಾಸ್ತ್ರ ಬರೆಯುತ್ತದೆ. ಮೂರನೆಯದನ್ನು ಬಹಳಷ್ಟು ಕಡೆ ಬರೆಯುವುದು ನೈತಿಕ ಸಿಟ್ಟು. ‘ಮೂರು ಬಾರಿ ಮೂತ್ರಪರೀಕ್ಷೆ ಪಾಸಿಟಿವ್ ಬಂದರೆ ಹೆಸರು ತೆಗೆಯತಕ್ಕದ್ದು’ ಎಂಬ ಕಲಮು ಕೇಳಲು ಶಿಸ್ತಿನಂತಿದೆ. ಅದರ ಫಲ ಮಾತ್ರ ಸಾವಿನ ಲೆಕ್ಕದಲ್ಲಿ ಕಾಣುತ್ತದೆ.

2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸ್ವೀಡನ್ನಿನ ಒಂದು ಪುಟ್ಟ ಅಧ್ಯಯನ ಪ್ರಕಟವಾಯಿತು. ಹೆರಾಯಿನ್ ಅವಲಂಬಿತರಾದ ನಲವತ್ತು ಮಂದಿಗೂ ಆಪ್ತಸಲಹೆ ಒಂದೇ ಬಗೆಯದು. ಇಪ್ಪತ್ತು ಮಂದಿಗೆ ವರ್ಷವಿಡೀ ದಿನಕ್ಕೆ 16 ಮಿ.ಗ್ರಾಂ. ಬ್ಯೂಪ್ರೆನಾರ್ಫಿನ್ ಕೊಡಲಾಯಿತು. ಉಳಿದ ಇಪ್ಪತ್ತು ಮಂದಿಗೆ ಅದೇ ಔಷಧವನ್ನು ಆರು ದಿನಗಳಲ್ಲಿ ಇಳಿಸಿ, ಅನಂತರ ಸತ್ತ್ವವಿಲ್ಲದ ಮಾತ್ರೆ ಕೊಡಲಾಯಿತು. ವರ್ಷ ಮುಗಿದಾಗ ಮೊದಲ ಗುಂಪಿನ ನಾಲ್ಕರಲ್ಲಿ ಮೂರು ಪಾಲು ಜನ ಚಿಕಿತ್ಸೆಯಲ್ಲೇ ಇದ್ದರು. ಎರಡನೆಯ ಗುಂಪಿನಲ್ಲಿ ಒಬ್ಬರೂ ಉಳಿದಿರಲಿಲ್ಲ, ನಾಲ್ವರು ಸತ್ತಿದ್ದರು. ಸಂಖ್ಯೆ ಸಣ್ಣದೆಂದು ಆಕ್ಷೇಪಿಸುವವರಿಗೆ 2017ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಬೃಹತ್ ಸಮೀಕ್ಷೆಯಿದೆ. ಬ್ಯೂಪ್ರೆನಾರ್ಫಿನ್ ಚಿಕಿತ್ಸೆಯಲ್ಲಿರುವ ಸಾವಿರ ಜನರಲ್ಲಿ ವರ್ಷಕ್ಕೆ ಸಾಯುವವರು ನಾಲ್ಕರಷ್ಟು, ಚಿಕಿತ್ಸೆಯಿಂದ ಹೊರಬಿದ್ದ ಮೇಲೆ ಒಂಬತ್ತಕ್ಕೂ ಮೇಲೆ. ಕಾರಣ ಸರಳ. ಔಷಧ ನಿಂತ ಕೆಲವೇ ವಾರಗಳಲ್ಲಿ ದೇಹದ ತಾಳಿಕೆ ಇಳಿಯುತ್ತದೆ. ಹಿಂದೆ ಒಗ್ಗಿದ್ದ ಅದೇ ಪ್ರಮಾಣದ ಹೆರಾಯಿನ್ ಈಗ ಉಸಿರಾಟವನ್ನೇ ನಿಲ್ಲಿಸುತ್ತದೆ.

ಪಂಜಾಬ್ 2017ರಿಂದ ಹೊರರೋಗಿ ಕ್ಲಿನಿಕ್ಕುಗಳ ಮೂಲಕ ಬ್ಯೂಪ್ರೆನಾರ್ಫಿನ್ ಕೊಡುತ್ತಿದೆ. ಇಂಥ ಕ್ಲಿನಿಕ್ಕಿಗೆ ಬರುವ, ‘ಚಿಟ್ಟಾ’ ಎಂದು ಅಲ್ಲಿ ಕರೆಯಲಾಗುವ ಹೆರಾಯಿನ್‌ಗೆ ಸಿಕ್ಕಿಬಿದ್ದ ಒಬ್ಬ ಮಂಡಿ ಹಮಾಲಿಯ ಉದಾಹರಣೆಯಿಂದ ಆ ಕಲಮಿನ ದೋಷ ಸ್ಪಷ್ಟವಾಗುತ್ತದೆ. ಬೆಳಗ್ಗೆ ಆರಕ್ಕೆ ಚಿಟ್ಟಾ ಸೇದಿ ಒಂಬತ್ತಕ್ಕೆ ಬಂದವನಿಗೆ ಆಗಲೇ ಮಾತ್ರೆ ಕೊಟ್ಟರೆ ಅನಾಹುತವಾಗುತ್ತದೆ. ಬ್ಯೂಪ್ರೆನಾರ್ಫಿನ್ ಮೆದುಳಿನ ಗ್ರಾಹಕಗಳನ್ನು ಹೆರಾಯಿನ್‌ಗಿಂತ ಬಿಗಿಯಾಗಿ ಹಿಡಿಯುತ್ತದೆ, ಆದರೆ ಅದರಷ್ಟು ಉತ್ತೇಜಿಸುವುದಿಲ್ಲ. ಹೀಗಾಗಿ ಹೆರಾಯಿನ್ ಥಟ್ಟನೆ ಹೊರದಬ್ಬಲ್ಪಟ್ಟು, ವಾಂತಿ, ಭೇದಿ, ನಡುಕಗಳು ಒಮ್ಮೆಲೇ ಮುತ್ತಿಕೊಳ್ಳುತ್ತವೆ. ಅಂಥ ಅನುಭವವಾದವನು ಮತ್ತೆ ಬರುವುದಿಲ್ಲ. ಆದ್ದರಿಂದ ಕೊನೆಯ ಸೇವನೆಯಾಗಿ ಹನ್ನೆರಡು ಗಂಟೆಯಾದರೂ ಕಳೆದಿರಬೇಕು. ಹಿಗ್ಗಿದ ಕಣ್ಣುಪಾಪೆ, ಆಕಳಿಕೆ, ಸುರಿಯುವ ಮೂಗು, ಎದ್ದು ನಿಂತ ರೋಮಗಳು ವೈದ್ಯರ ಕಣ್ಣಿಗೆ ಕಾಣಬೇಕು. ಆಗ ನಾಲಿಗೆಯಡಿ 4 ಮಿ.ಗ್ರಾಂ. ಕೊಟ್ಟು, ಎರಡು ಗಂಟೆ ಕಾದು, ಯಾತನೆ ಉಳಿದಿದ್ದರೆ ಇನ್ನೊಂದು 4 ಕೊಡಬೇಕು. ಮರುದಿನ 12ಕ್ಕೆ ಏರಿಸಬಹುದು. ಹೆಚ್ಚಿನವರು 8ರಿಂದ 16ರ ನಡುವೆ ನೆಲೆಗೊಳ್ಳುತ್ತಾರೆ, ಕೆಲವರಿಗೆ 24 ಬೇಕಾಗುತ್ತದೆ.

ಈ ಹಮಾಲಿಗೆ ಕ್ಲಿನಿಕ್ಕು ‘ಹೆಚ್ಚು ಕೊಟ್ಟರೆ ಇದಕ್ಕೂ ಅಂಟಿಕೊಳ್ಳುತ್ತಾನೆ’ ಎಂಬ ಭಯದಿಂದ 4 ಮಿ.ಗ್ರಾಂ.ಗೇ ನಿಲ್ಲಿಸಿತು ಎಂದಿಟ್ಟುಕೊಳ್ಳಬಹುದು. ಬೆಳಗ್ಗೆ ಅವನು ಗೆಲುವಾಗಿರುತ್ತಾನೆ. ಇಳಿಹೊತ್ತಿಗೆ ಆಕಳಿಕೆ, ಮೈಕೈ ನೋವು; ರಾತ್ರಿ ನಿದ್ರೆಯಿಲ್ಲ. ವಾರಕ್ಕೆರಡು ಬಾರಿ ಅವನು ಚಿಟ್ಟಾದ ಬಳಿಗೆ ಮರಳುತ್ತಾನೆ. ಪರೀಕ್ಷಾ ಪಟ್ಟಿ ಪಾಸಿಟಿವ್ ಬರುತ್ತದೆ. ಮೂರನೆಯ ಪಾಸಿಟಿವ್‌ಗೆ ಕಲಮು ಜಾರಿಯಾಗುತ್ತದೆ. ಕ್ಲಿನಿಕ್ಕೇ ಕೊಟ್ಟ ಸಾಲದ ಡೋಸಿಗೆ ದಂಡ ತೆರುವವನು ರೋಗಿ. ‘ಎಷ್ಟು ಹೊತ್ತಿಗೆ ಮೈ ಹಿಂಡಲು ತೊಡಗುತ್ತದೆ?’ ಎಂಬ ಒಂದೇ ಪ್ರಶ್ನೆ ಕೇಳಿದ್ದರೆ ಉತ್ತರ ಸಿಗುತ್ತಿತ್ತು: ಡೋಸನ್ನು 8ಕ್ಕೆ, ಅಗತ್ಯವಿದ್ದರೆ 12ಕ್ಕೆ ಏರಿಸಬೇಕು.

ಆ ಪರೀಕ್ಷಾ ಪಟ್ಟಿಯನ್ನು ಓದುವ ಬಗೆಯೂ ಕಲಮು ಬರೆದವರಿಗೆ ತಿಳಿದಂತಿಲ್ಲ. ಸಾಮಾನ್ಯ ಮಾರ್ಫಿನ್ ಪಟ್ಟಿಗೆ ಬ್ಯೂಪ್ರೆನಾರ್ಫಿನ್ ಗೋಚರಿಸುವುದಿಲ್ಲ. ಅದಕ್ಕೆ ಬೇರೆಯೇ ಪಟ್ಟಿ ಬೇಕು. ಎರಡನ್ನೂ ಜೊತೆಗಿಟ್ಟು ನೋಡಿದರೆ ವಿಷಯ ತಿಳಿಯುತ್ತದೆ. ಎರಡೂ ಪಾಸಿಟಿವ್ ಆಗಿದ್ದರೆ ರೋಗಿ ಔಷಧ ತೆಗೆದುಕೊಳ್ಳುತ್ತಿದ್ದಾನೆ, ಅದು ಸಾಲುತ್ತಿಲ್ಲ. ಮಾರ್ಫಿನ್ ಪಾಸಿಟಿವ್ ಇದ್ದು ಬ್ಯೂಪ್ರೆನಾರ್ಫಿನ್ ನೆಗೆಟಿವ್ ಆಗಿದ್ದರೆ ಮಾತ್ರೆ ಬೇರೆ ಕೈಗೆ ಹೋಗುತ್ತಿರಬಹುದು. ಆಗಲೂ ಸರಿಯಾದ ಕ್ರಮವೆಂದರೆ ಮನೆಯ ಮಾತ್ರೆ ನಿಲ್ಲಿಸಿ, ದಾದಿಯ ಕಣ್ಣೆದುರೇ ಕರಗುವ ದಿನದ ಡೋಸಿಗೆ ಮರಳುವುದು.

ಮನೆಗೆ ಮಾತ್ರೆ ಕೊಡುವ ನಿಯಮದಲ್ಲೂ ಇದೇ ಅನುಮಾನದ ಛಾಯೆಯಿದೆ. ಮೊದಲ ಕೆಲವು ವಾರ ದಿನಾಲೂ ಕಣ್ಣೆದುರು ಕೊಡುವುದು ಸರಿ. ಡೋಸ್ ನೆಲೆಗೊಳ್ಳಲು ಅದು ನೆರವಾಗುತ್ತದೆ. ಆದರೆ ಗೋಧಿ ಕೊಯ್ಲಿನ ಏಪ್ರಿಲ್‌ನಲ್ಲಿ ಮಂಡಿಯ ಕೆಲಸ ನಸುಕಿಗೇ ಶುರುವಾಗುತ್ತದೆ, ಕ್ಲಿನಿಕ್ಕು ತೆರೆಯುವುದು ಒಂಬತ್ತಕ್ಕೆ. ದಿನಾಲೂ ಬಾ ಎಂದರೆ ಚಿಕಿತ್ಸೆ ಅಥವಾ ಕೂಲಿ, ಎರಡರಲ್ಲೊಂದನ್ನು ಬಿಡು ಎಂದಂತೆ. ನೆಲೆಗೊಂಡವನಿಗೆ ಮೊದಲು ಒಂದು ವಾರದ, ಆಮೇಲೆ ಎರಡು ವಾರದ ಮಾತ್ರೆ ಕೊಡಬಹುದು. ನಾಲೊಕ್ಸೋನ್ ಬೆರೆತ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಂಡರೆ ಯಾತನೆಯೇ ಎದುರಾಗುವುದರಿಂದ ದುರ್ಬಳಕೆಗೆ ಸ್ವಲ್ಪ ತಡೆಯೂ ಇದೆ. ನಿಜವಾದ ಅಪಾಯವಿರುವುದು ಮನೆಯ ಮಗುವಿಗೆ. ಬೀಗದ ಡಬ್ಬಿ ಇದೆಯೇ ಎಂದು ವಿಚಾರಿಸದೆ ಮಾತ್ರೆ ಕೊಡಬಾರದು.

ಅಮೆರಿಕದ ಕನ್ನಡಿಗರು ‘ಅಲ್ಲಿನ ಕಟ್ಟುನಿಟ್ಟು ಇಲ್ಲೂ ಬೇಕು’ ಎಂದು ಊರಿನವರಿಗೆ ಉಪದೇಶಿಸುವ ಮುನ್ನ ತಮ್ಮ ದೇಶದ ನಿಯಮ ಬದಲಾದುದನ್ನು ಗಮನಿಸಬೇಕು. ಬ್ಯೂಪ್ರೆನಾರ್ಫಿನ್‌ಗಿಂತ ಹೆಚ್ಚು ಅಪಾಯಕಾರಿಯಾದ ಮೆಥಡೋನ್‌ಗೇ 2020ರ ಮಾರ್ಚ್‌ನಲ್ಲಿ ಅಲ್ಲಿ ಸ್ಥಿರ ರೋಗಿಗಳಿಗೆ 28 ದಿನಗಳ ಔಷಧ ಮನೆಗೆ ಕೊಡಲು ಅವಕಾಶವಾಯಿತು. 2024ರಲ್ಲಿ ಆ ಸಡಿಲಿಕೆ ಶಾಶ್ವತ ನಿಯಮವೇ ಆಯಿತು: ಚಿಕಿತ್ಸೆಯ ಮೊದಲ ಎರಡು ವಾರಗಳಲ್ಲಿ 7 ದಿನಗಳದ್ದು, ಆಮೇಲೆ 14, ಒಂದು ತಿಂಗಳು ದಾಟಿದರೆ 28 ದಿನಗಳದ್ದರವರೆಗೆ.

ಹಾಗಾದರೆ ನಿಲ್ಲಿಸುವುದು ಯಾವಾಗ? ರೋಗಿ ತಾನಾಗಿ ಕೇಳಿದಾಗ. ಬಹುಕಾಲ ಬೇರೆ ಮಾದಕ ಮುಟ್ಟದೆ, ಕೆಲಸ, ನಿದ್ರೆ, ಸಂಸಾರಗಳು ಹಿಡಿತಕ್ಕೆ ಬಂದಿರುವಾಗ. ಆಗಲೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ 2 ಮಿ.ಗ್ರಾಂ.ನಂತೆ, ಕೊನೆಯ ಹಂತದಲ್ಲಿ ಇನ್ನೂ ನಿಧಾನವಾಗಿ ಇಳಿಸಬೇಕು. ಹಂಬಲ ಮರಳಿದರೆ ಹಿಂದಿನ ಡೋಸಿಗೆ ಹೋಗಬೇಕು. ಕುಡಿದು ತೂಕಡಿಸುತ್ತ ಬಂದವನಿಗೆ ಅಂದಿನ ಡೋಸ್ ತಡೆಹಿಡಿಯಬೇಕು, ಏಕೆಂದರೆ ಮದ್ಯದ ಜೊತೆ ಸೇರಿದರೆ ಉಸಿರು ಕುಗ್ಗುತ್ತದೆ. ಆದರೆ ನಾಳೆಯ ಡೋಸ್ ಅವನಿಗಾಗಿ ಕಾದಿರಬೇಕು. ಸಿಬ್ಬಂದಿಯ ಮೇಲೆ ಕೈಮಾಡಿದವನನ್ನು ಇನ್ನೊಂದು ಕ್ಲಿನಿಕ್ಕಿಗೆ, ಔಷಧ ಒಂದು ದಿನವೂ ತಪ್ಪದಂತೆ, ವರ್ಗಾಯಿಸಬೇಕು. ವಾರಕ್ಕೂ ಮೀರಿ ಗೈರಾದವನನ್ನು ಕಡಿಮೆ ಡೋಸಿನಿಂದ ಮತ್ತೆ ಆರಂಭಿಸಬೇಕು. ಗರ್ಭಿಣಿಗೆ ನಿಲ್ಲಿಸುವ ಮಾತೇ ಬೇಡ.

‘ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸಿದಂತಾಯಿತು’ ಎಂಬ ಆಕ್ಷೇಪ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ದಿನಕ್ಕೊಮ್ಮೆ 12 ಮಿ.ಗ್ರಾಂ. ನಾಲಿಗೆಯಡಿ ಇಟ್ಟುಕೊಂಡು ಮೂಟೆ ಹೊತ್ತು, ಸಂಜೆ ಕೂಲಿಯೊಡನೆ ಮನೆ ಸೇರುವವನ ದೇಹ ಔಷಧವನ್ನು ಅವಲಂಬಿಸಿದೆ ಎಂಬುದು ನಿಜ. ಅವನು ಬದುಕಿದ್ದಾನೆ ಎಂಬುದೂ ಅಷ್ಟೇ ನಿಜ. ಮೂರು ಪಾಸಿಟಿವ್‌ನ ಕಲಮಿಗೆ ಅಂಕಿತ ಹಾಕುವ ಅಧಿಕಾರಿ ಅದರ ಕೆಳಗೆ ಇನ್ನೊಂದು ಸಾಲನ್ನೂ ಬರೆಯಲಿ: ಹೆಸರು ತೆಗೆದ ಪ್ರತಿಯೊಬ್ಬನೂ ಮೂರು ತಿಂಗಳ ನಂತರ ಜೀವಂತವಾಗಿದ್ದಾನೆಯೇ ಎಂದು ವಿಚಾರಿಸಿ ದಾಖಲಿಸತಕ್ಕದ್ದು. ಆ ದಾಖಲೆ ಪುಸ್ತಕ ತುಂಬತೊಡಗಿದರೆ ಕಲಮು ತಾನಾಗಿಯೇ ಬಿದ್ದುಹೋಗುತ್ತದೆ.