ಸರಪಳಿ ಪದಬಂಧದಲ್ಲಿ ಕೊಂಡಿಯ ಮರ್ಯಾದೆ

ಒಂದು ಉತ್ತರದ ಬಾಲವೇ ಮುಂದಿನ ಉತ್ತರದ ತಲೆಯಾಗುವ ಸರಪಳಿ ಪದಬಂಧದಲ್ಲಿ ಅಡ್ಡಸಾಲು, ಉದ್ದಸಾಲುಗಳ ಸಾಕ್ಷ್ಯವಿಲ್ಲ. ಇರುವ ಸಾಕ್ಷಿ ಕೊಂಡಿಯೊಂದೇ. ಆದ್ದರಿಂದ ಕೊಂಡಿ ಬೀಳಬೇಕಾದದ್ದು ಪೂರ್ಣ ಅಕ್ಷರದ ಮೇಲೆ, ಗುಣಿತ, ಒತ್ತು, ಸೊನ್ನೆಗಳ ಸಮೇತ ಎಂಬುದು ನಮ್ಮ ವಾದ. ‘ಲು’ ಇದ್ದಲ್ಲಿ ‘ಲ’ ನಡೆದೀತು ಎನ್ನುವ ಉದಾರಿಗಳೊಡನೆ ನಮಗೆ ಸಹಮತವಿಲ್ಲ.

ಹನ್ನೆರಡು ಮನೆಗಳ ಒಂದು ಸಾಲನ್ನು ನೋಡೋಣ. ಉತ್ತರಗಳು ಐದು, 1, 2, 4, 7, 9ನೆಯ ಮನೆಗಳಲ್ಲಿ ಆರಂಭ. ಸುಳಿವುಗಳು: ಸಮುದ್ರ (3), ಬಡಗಿಯ ಹಲ್ಲುಳ್ಳ ಸಲಕರಣೆ (4), ಪಾಯಸದ ಬೀಜ (4), ಸೀರೆಯ ತುದಿ (3), ಹಿಂದೆ ಚಿನ್ನ ತೂಗುತ್ತಿದ್ದ ಕೆಂಪು ಕಾಳು (4). ಉತ್ತರಗಳ ಉದ್ದ ಕೂಡಿದರೆ ಹದಿನೆಂಟು. ಮನೆಗಳು ಹನ್ನೆರಡೇ ಆದ್ದರಿಂದ ಆರು ಅಕ್ಷರಗಳು ಎರಡೆರಡು ಪದಗಳಿಗೆ ಸೇರಿದವು. ಆರಂಭದ ಸಂಖ್ಯೆಗಳನ್ನು ನೋಡಿದರೆ ಮೊದಲೆರಡು ಕೊಂಡಿಗಳು ಎರಡಕ್ಷರದವು, ಉಳಿದೆರಡು ಒಂದಕ್ಷರದವು.

ಸಮುದ್ರಕ್ಕೆ ಕಡಲು, ಜಲಧಿ, ಸಾಗರ ಮೂರೂ ಹೊಂದುತ್ತವೆ. ಇಲ್ಲಿ ಆತುರಪಟ್ಟು ಬರೆಯುವವರೇ ಹೆಚ್ಚು (ನಾವೂ ಬರೆದು ಅಳಿಸಿದ್ದೇವೆ). ಆದರೆ ‘ಡಲು’ ಎಂದೋ ‘ಲಧಿ’ ಎಂದೋ ಆರಂಭವಾಗುವ ಸಲಕರಣೆ ಯಾವುದು? ‘ಗರ’ ಎಂದರೆ ಗರಗಸ ತಾನಾಗಿ ಬರುತ್ತದೆ. ಅಂದರೆ ಮೊದಲ ಸುಳಿವನ್ನು ಬಿಡಿಸಿದ್ದು ಎರಡನೆಯದು. ಗೊಂದಲವಿಲ್ಲದ ಸುಳಿವನ್ನು ಹಿಡಿದು ಹಿಂದಕ್ಕೆ ನಡೆಯುವುದೇ ಈ ಬಂಧದ ಸರಿಯಾದ ದಾರಿ.

ಮೂರನೆಯದರಲ್ಲಿ ಮುಂಬಯಿ, ಪುಣೆಗಳ ನಮ್ಮವರು ಎಡವುವುದುಂಟು. ಮರಾಠಿಯ ಅಂಗಡಿಮಾತು ಕಿವಿಯಲ್ಲಿ ನಿಂತು ಕೈ ‘ಖಸಖಸ’ ಎಂದು ಬರೆಯುತ್ತದೆ. ಅದಕ್ಕೂ ನಾಲ್ಕೇ ಅಕ್ಷರ. ಗರಗಸದ ‘ಗಸ’ ಅದನ್ನು ತಲೆಯಲ್ಲಿ ತಡೆಯುತ್ತದೆ, ಸೆರಗಿನ ‘ಸೆ’ ಬಾಲದಲ್ಲಿ ತಡೆಯುತ್ತದೆ, ಗಸಗಸೆಯೇ ಉಳಿಯುತ್ತದೆ. ಗುಣಿತವನ್ನು ಲೆಕ್ಕಿಸದವರಿಗೆ ಈ ಎರಡನೆಯ ತಡೆ ಸಿಗುವುದಿಲ್ಲ. ಸೆರಗಿನಿಂದ ಗುಲಗಂಜಿಗೆ ಹೋಗುವುದು ಸುಲಭ.

ಸಾ ಗ ರ ಗ ಸ ಗ ಸೆ ರ ಗು ಲ ಗಂ ಜಿ.

ಬಿಗಿಯಾದ ನಿಯಮದಿಂದ ರಚಿಸುವವರಿಗೆ ಕಷ್ಟವೆಂಬುದು ನಿಜ. ಕನ್ನಡ ಪದಗಳು ‘ಳು’, ‘ಳೆ’, ‘ಣೆ’ಗಳಲ್ಲಿ ಧಾರಾಳವಾಗಿ ಮುಗಿಯುತ್ತವೆ, ಳಕಾರ, ಣಕಾರಗಳಿಂದ ಆರಂಭವಾಗುವ ಬಳಕೆಯ ಪದ ಹುಡುಕಿದರೂ ದೊರೆಯದು. ಆದರೆ ಬಿಡಿಸುವವರಿಗೆ ಇದೇ ಲಾಭ: ಒಂದಕ್ಷರದ ಕೊಂಡಿಯಿದ್ದಲ್ಲಿ, ಕೊನೆಯದನ್ನುಳಿದು ಯಾವ ಉತ್ತರವೂ ಹಾಗೆ ಮುಗಿಯಲಾರದೆಂದು ಪೆನ್ಸಿಲ್ ಹಿಡಿಯುವ ಮೊದಲೇ ತಿಳಿಯುತ್ತದೆ.

ಮೇಲಿನ ಸರಪಳಿಯನ್ನು ಜಿಂಕೆಗೆ ಬೆಸೆಯಬಹುದಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ‘ಜಿ’ ಬೇರೆ, ‘ಜಿಂ’ ಬೇರೆ, ನಾವು ಒಪ್ಪಲಿಲ್ಲ. ಅವರು ಜಿಗಣೆ ತಂದರು. ಅದು ಸರಿಯಾಗಿ ಕೂತಿತು, ಸರಪಳಿಯೂ ಅಲ್ಲಿಗೇ ನಿಂತಿತು.