ಫೋಟೊದ ಮುಖ, ಮನೆಯ ಮುಖ



ಕಳೆದ ಕಾರ್ತಿಕದಲ್ಲಿ ಕೃಷ್ಣರಾಜಪುರದ ನನ್ನ ತಂಗಿಯ ಮನೆಗೆ ಗಂಡಿನ ಕಡೆಯವರು ಬಂದಿದ್ದರು. ಹುಡುಗಿ ಕಾಫಿ ತಂದಿಟ್ಟಾಗ ಗಂಡಿನ ತಾಯಿ ಒಮ್ಮೆ ಫೋಟೊ, ಒಮ್ಮೆ ಅವಳ ಮುಖ ನೋಡಿ, "ಇವರು ಅಕ್ಕನಾ?" ಎಂದು ಕೇಳಿದರು. ಹುಡುಗಿ ಮಾತಿಲ್ಲದೆ ಒಳಗೆ ಹೋದಳು.

ತಪ್ಪು ಅವಳದಲ್ಲ, ಹಿರಿಯರಾದ ನಮ್ಮದು. ಅದು ಶಿವಾಜಿನಗರದ ಕಡೆ ಒಂದು ಸ್ಟುಡಿಯೊದಲ್ಲಿ ಮೂರು ವರ್ಷದ ಹಿಂದೆ ತೆಗೆಸಿದ್ದ ಫೋಟೊ. ಮೈಬಣ್ಣ ಬಿಳುಪಾಗಿಸಿ, ಕೆನ್ನೆಯ ಮಚ್ಚೆ ಅಳಿಸಿ, ಮುಖವನ್ನು ಮೇಣದಂತೆ ನುಣುಪು ಮಾಡಿದ್ದರು. ನಾವೂ ಮೆಚ್ಚಿ ದುಡ್ಡು ಕೊಟ್ಟಿದ್ದೆವು.

"ಮಾವ, ಆ ಫೋಟೊ ಇನ್ನು ಯಾರಿಗೂ ಕಳಿಸಬೇಡಿ" ಎಂದಳು.

ಮುಂದಿನ ಭಾನುವಾರ ಬೆಳಿಗ್ಗೆ ಹಲಸೂರಿನ ನಮ್ಮ ಮನೆಯಲ್ಲೇ ಹೊಸ ಫೋಟೊ ತೆಗೆದೆವು. ನೇರ ಬಿಸಿಲು ಬೀಳದ ಕಿಟಕಿಯ ಕಡೆಗೆ ಮುಖ ಮಾಡಿ ಅವಳನ್ನು ಕೂರಿಸಿ, ಫೋನಿನಲ್ಲಿ ತಾನಾಗಿಯೇ ಚಾಲೂ ಇದ್ದ ಬ್ಯೂಟಿ ಮೋಡ್ ಆರಿಸಿದೆ. ಸೆಲ್ಫಿ ಬಿಟ್ಟು, ಹಿಂದಿನ ಕ್ಯಾಮೆರಾದಿಂದ ಐದು ಅಡಿ ದೂರ ನಿಂತು ತೆಗೆದೆ. ಒಂದು ಅಡಿ ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ಐದು ಅಡಿಗೆ ಆ ದೋಷ ಹೆಚ್ಚುಕಡಿಮೆ ಇರುವುದಿಲ್ಲ. ಮೂಗು ತಿದ್ದಬೇಕೆಂಬ ಆಸೆ ಎಷ್ಟೋ ಸಲ ಹತ್ತಿರದಿಂದ ತೆಗೆದುದರಿಂದಲೇ ಹುಟ್ಟುತ್ತದೆ.

ತಿದ್ದುವಾಗ ಒಂದೇ ನಿಯಮ ಇಟ್ಟುಕೊಂಡೆವು: ಹದಿನೈದು ದಿನದಲ್ಲಿ ತಾನಾಗಿ ಹೋಗುವುದನ್ನು ಅಳಿಸಬಹುದು, ಹೆಣ್ಣು ನೋಡುವ ದಿನವೂ ಇರುವುದನ್ನು ಮುಟ್ಟಬಾರದು. ಹಾಗಾಗಿ ಗಲ್ಲದ ಮೇಲಿನ ಮೊಡವೆ ಹೋಯಿತು, ಮಚ್ಚೆ ಉಳಿಯಿತು. ಬೆಳಕನ್ನು ತುಸು ಹೆಚ್ಚಿಸಿದೆವು. ಆದರೆ ಸೀರೆಯ ಬಣ್ಣ ಕಣ್ಣಿಗೆ ಕಾಣುವಂತೆ ಬಂದೊಡನೆ ನಿಲ್ಲಿಸಿದೆವು. ಅದಕ್ಕಿಂತ ಮುಂದೆ ಹೋದರೆ ಮೈಬಣ್ಣ ಸುಳ್ಳಾಗುತ್ತದೆ.

ತಿದ್ದಿದ್ದು ಅತಿಯಾಯಿತೇ ಎಂದು ತಿಳಿಯಲು ಫೋಟೊ ದೊಡ್ಡದು ಮಾಡಿ ನೋಡಿ. ಹುಬ್ಬಿನ ಕೂದಲು ಬಿಡಿಬಿಡಿಯಾಗಿ ಕಾಣಬೇಕು. ಹಣೆಯ ವಿಭೂತಿಯ ಪುಡಿ ಪುಡಿಯಾಗಿಯೇ ಇರಬೇಕು, ಬಳಿದ ಬಣ್ಣದಂತೆ ಕಂಡರೆ ಚರ್ಮವನ್ನೂ ಒರೆಸಿದ್ದಾರೆಂದೇ ಅರ್ಥ. ಮುಖಕ್ಕೂ ಕುತ್ತಿಗೆಗೂ ಬಣ್ಣ ಬೇರೆಯಾಗಬಾರದು. ಹಿಂದಿನ ಬಾಗಿಲ ಚೌಕಟ್ಟು ಕೆನ್ನೆಯ ಪಕ್ಕದಲ್ಲಿ ಬಾಗಿದ್ದರೆ ಮುಖವನ್ನು ಸಣ್ಣ ಮಾಡಲಾಗಿದೆ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಗಾತ್ರ ಕುಗ್ಗಿ ವಿವರ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ತಲುಪುತ್ತದೆ. ಫೋಟೊ ತೆಗೆದ ತಿಂಗಳು, ವರ್ಷವನ್ನು ಬಯೋಡೇಟಾದಲ್ಲೇ ಬರೆಯಿರಿ. ಮಠಗಳಲ್ಲಿ ವಧು-ವರರ ಸಮಾವೇಶ ನಡೆಸುವವರು ಅರ್ಜಿಯಲ್ಲಿ ಇದಕ್ಕೊಂದು ಸಾಲು ಬಿಟ್ಟರೆ ಉಪಕಾರವಾದೀತು. ಆರು ತಿಂಗಳು ಮೀರಿದ್ದರೆ, ಅಥವಾ ಕನ್ನಡಕ, ಗಡ್ಡ, ಮೈತೂಕ ಬದಲಾಗಿದ್ದರೆ ಹೊಸದು ತೆಗೆಸಲಿ.

ಹೊಸ ಫೋಟೊ ಕಳಿಸಿದ ಮೇಲೆ ವಿಚಾರಿಸಿದವರು ಮೊದಲಿಗಿಂತ ಕಡಿಮೆ, ನಿಜ. ಆದರೆ ಮನೆಗೆ ಬಂದವರಾರೂ ಕೈಯಲ್ಲಿ ಫೋಟೊ ಹಿಡಿದು ಅವಳ ಮುಖದೊಂದಿಗೆ ಹೋಲಿಸಲಿಲ್ಲ.